ಅರಿಸಮಾಸದ ಸಂಸಾರ

ನಾನು ಧಾರವಾಡದ ಹೈಸ್ಕೂಲೊಂದರಲ್ಲಿ 34 ವರ್ಷ ಕನ್ನಡ ಮಾಸ್ತರನಾಗಿದ್ದವನು. ರವಿವಾರ ಒಂದು ಬಿಟ್ಟರೆ ಕೈಯಲ್ಲಿ ಕೆಂಪು ಪೆನ್ನು ಇಲ್ಲದ ದಿನವಿಲ್ಲ. ರವಿವಾರವೂ ಮದುವೆಯ ಕರೆಯೋಲೆಗಳಲ್ಲಿ ತಪ್ಪು ಹುಡುಕುತ್ತ ಕೂತಿರುತ್ತಿದ್ದೆ ಎಂಬುದು ನನ್ನ ಹೆಂಡತಿಯ ದೂರು. ಇಂಥವನು ಮಗಳ ಬಾಣಂತನದ ನೆಪದಲ್ಲಿ, 90 ದಿನಗಳ ವೀಸಾ ಹಿಡಿದುಕೊಂಡು, ಸ್ಟಾಕ್‌ಹೋಮಿನಿಂದ ರಸ್ತೆಯಲ್ಲಿ 600 ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕಿರುವ ಊಮೆಯೊ ಎಂಬ ಊರಿಗೆ ಹೋಗಿ ಇಳಿದೆ. ಹೋದ ದಿನವೇ ಸಂಜೆ ಅಡಿಗೆಮನೆಯಿಂದ ಮಗಳ ದನಿ ಕಿವಿಗೆ ಬಿತ್ತು:

“ಹೊರ್ರೀ, ಒಂದು ಪುಸ್ಸು ಕೊಟ್ಟು ಹೋಗ್ರೀ.”

ನನ್ನ ಹೆಂಡತಿ ಮಗುವಿನ ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಿದಳು. “ಬೆಕ್ಕು ಬೇರೆ ಸಾಕಿದಾರೇನ್ರೀ? ಮಗು ಇರೋ ಮನೇಲಿ?” ಎಂದಳು. ನಾವಿಬ್ಬರೂ ಎರಡು ದಿನ ಮಂಚದ ಕೆಳಗೆಲ್ಲ ಬೆಕ್ಕು ಹುಡುಕಿದೆವು. ಮೂರನೆಯ ದಿನ ನಮ್ಮ ಸ್ವೀಡಿಶ್ ಅಳಿಯ ಕೆಲಸದ ಮೇಲೆ ಹೊರಗೆ ಹೊರಟಾಗ ಬಾಗಿಲ ಹತ್ತಿರ ಏನು ಕೈಬದಲಾಯಿತೆಂಬುದು ನನ್ನ ಕಣ್ಣಿಗೂ ಬಿತ್ತು. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ. ಸ್ವೀಡಿಶ್ ಭಾಷೆಯಲ್ಲಿ ಪುಸ್ ಎಂದರೆ ಮುತ್ತು. ಮೈಮರೆತು ಕೊಡುವ ದೊಡ್ಡ ಮುತ್ತಿಗೆ ಬೇರೆ ಶಬ್ದವಿದೆಯಂತೆ. ಪುಸ್ ಎಂದರೆ ಹೋಗುವಾಗ ಬರುವಾಗ ಕೊಡುವ ಚಿಲ್ಲರೆ.

ಮಾಸ್ತರನ ಬುದ್ಧಿ ಎಲ್ಲಿಗೆ ಹೋಗುತ್ತದೆ? ನಾನು ಆ ಶಬ್ದವನ್ನು ಮನಸ್ಸಿನಲ್ಲೇ ಹಲಗೆಯ ಮೇಲೆ ಬರೆದೆ. ಕನ್ನಡದ ಬಾಯಿಗೆ ವ್ಯಂಜನದಲ್ಲಿ ಮುಗಿಯುವ ಪದ ಹಿಡಿಸುವುದಿಲ್ಲ. ಬಸ್ ಎಂಬುದು ನಮ್ಮಲ್ಲಿ ಬಸ್ಸು, ಕಪ್ ಎಂಬುದು ಕಪ್ಪು. ಹಾಗೆಯೇ ಪುಸ್ ಎಂಬುದು ಉಕಾರ ಹಚ್ಚಿಕೊಂಡು ಪುಸ್ಸು ಆಗಿದೆ. ಇನ್ನು ಅದಕ್ಕೆ ವಿಭಕ್ತಿ ಹತ್ತಲು ತಡೆಯಿಲ್ಲ: ಪುಸ್ಸನ್ನು, ಪುಸ್ಸಿನಿಂದ, ಪುಸ್ಸಿಗೆ. ಮಗಳು ಆ ಶಬ್ದಕ್ಕೆ ಕನ್ನಡದ ಪೌರತ್ವ ಕೊಟ್ಟುಬಿಟ್ಟಿದ್ದಾಳೆ. ಅಳಿಯ ಸುಮ್ಮನಿದ್ದಾನೆಯೇ? ಸ್ವೀಡಿಶ್‌ನಲ್ಲಿ ‘ಆ ವಸ್ತು’ ಎಂದು ನಿರ್ದಿಷ್ಟವಾಗಿ ಹೇಳಬೇಕಾದರೆ ನಾಮಪದದ ಬಾಲಕ್ಕೇ ಒಂದು ‘ನ್’ ಅಂಟಿಸುತ್ತಾರೆ. ಅವನು ಊಟಕ್ಕೆ ಕೂತು “ಚಟ್ನಿನ್ ಎಲ್ಲಿ?” ಎನ್ನುತ್ತಾನೆ. ಆ ಚಟ್ನಿ, ನಿನ್ನೆಯ ಚಟ್ನಿ, ಅತ್ತೆ ಮಾಡಿದ ಚಟ್ನಿ ಎಂಬ ಅರ್ಥವೆಲ್ಲ ಆ ಒಂದು ನಕಾರದಲ್ಲಿ.

ನಮ್ಮ ಹಳೆಯ ವ್ಯಾಕರಣದಲ್ಲಿ ಇಂಥ ಬೆರಕೆಗೆ ಒಂದು ಹೆಸರಿದೆ, ಅರಿಸಮಾಸ. ಅರಿ ಎಂದರೆ ವೈರಿ. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಗಂಟು ಹಾಕಿದರೆ ಅದು ವೈರಿಗಳ ಮದುವೆ ಎಂದು ಪಂಡಿತರ ತೀರ್ಮಾನ. 9ನೆಯ ಶತಮಾನದ ‘ಕವಿರಾಜಮಾರ್ಗ’ ಈ ಬೆರಕೆಯನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸುವುದಕ್ಕೆ ಹೋಲಿಸುತ್ತದೆ. 13ನೆಯ ಶತಮಾನದ ಕೇಶಿರಾಜನೂ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ದೋಷವೆಂದೇ ಹೇಳುತ್ತಾನೆ. ನಾನು 34 ವರ್ಷ ಅದನ್ನೇ ಹೇಳಿಕೊಂಡು ಬಂದೆ. ಈಗ ನೋಡಿದರೆ ನನ್ನ ಮಗಳೇ ಒಂದು ಅರಿಸಮಾಸ ಮಾಡಿಕೊಂಡು, ಅದರ ವಿಗ್ರಹವಾಕ್ಯವನ್ನು ತೊಟ್ಟಿಲಲ್ಲಿ ಮಲಗಿಸಿದ್ದಳು.

ಜೂನ್ ತಿಂಗಳಲ್ಲಿ ಆ ಊರಿನಲ್ಲಿ ರಾತ್ರಿ ಎಂಬುದು ಗಡಿಯಾರದಲ್ಲಿ ಮಾತ್ರ ಆಗುತ್ತದೆ. ಹನ್ನೊಂದು ಗಂಟೆಗೂ ಪೇಪರು ಓದುವಷ್ಟು ಬೆಳಕು. 1888ರಲ್ಲಿ ಊರಿಗೆ ಊರೇ ಸುಟ್ಟುಹೋದ ಮೇಲೆ, ಮುಂದೆ ಬೆಂಕಿ ಹರಡದಿರಲೆಂದು ಬೀದಿಬೀದಿಗೆ ಬರ್ಚ್ ಮರ ನೆಟ್ಟರಂತೆ. ಆ ಬಿಳಿ ಮರಗಳನ್ನು ನೋಡುತ್ತ ಬಾಲ್ಕನಿಯಲ್ಲಿ ಕೂತಾಗ ಮಗಳು ತಮ್ಮ ಮನೆಮಾತಿನ ಚರಿತ್ರೆಯನ್ನು ಹೇಳಿದಳು.

ಮೊದಮೊದಲು ಇಬ್ಬರಿಗೂ ಇಂಗ್ಲಿಷೇ ಗತಿ. ಬಾಡಿಗೆ, ಬ್ಯಾಂಕು, ವೀಸಾ, ಎಲ್ಲವೂ ಅದರಲ್ಲೇ. ಇಂಗ್ಲಿಷ್ ಅವರ ಮನೆಯ ಆಳು. ಭಾರದ ಕೆಲಸವನ್ನೆಲ್ಲ ಅದು ಮಾಡುತ್ತಿತ್ತು. ಆದರೆ ಜ್ವರ ಬಂದಾಗ, ನಿದ್ದೆಗಣ್ಣಿನಲ್ಲಿ, ಕೈ ಸುಟ್ಟುಕೊಂಡಾಗ ಆಳು ಹೊರಗೆ ನಿಲ್ಲುತ್ತಾನೆ, ಮನೆಯವರು ಎದ್ದು ಬರುತ್ತಾರೆ. ಹಾಗೆ ಒಂದು ದಿನ ಮಗಳು ನೆಗಡಿಯಾಗಿ ಮಲಗಿದ್ದಾಗ ಅಳಿಯ ತಲೆ ಸವರುತ್ತ “ಗುಮ್ಮನ್” ಎಂದನಂತೆ.

ಗುಮ್ಮ! ಊಟ ಮಾಡದ ಮಕ್ಕಳನ್ನು ಹಿಡಿದುಕೊಂಡು ಹೋಗುವ ಗುಮ್ಮ. ಮಗಳು ಹೊದಿಕೆ ಸರಿಸಿ ಎದ್ದು ಕೂತಳು. ಮೂಗು ಕೆಂಪಾಗಿ, ಕೂದಲು ಕೆದರಿ, ಕಂಬಳಿ ಹೊದ್ದುಕೊಂಡು ಇದ್ದದ್ದೇನೋ ಹೌದು. ಆದರೂ ಮುಖದ ಮೇಲೆ ಹೀಗೆ ಅನ್ನಬಹುದೇ? ಅವನಿಗೆ ತನ್ನ ತಪ್ಪು ಏನೆಂದು ತಿಳಿಯದು. ಅವನ ಭಾಷೆಯಲ್ಲಿ ಗುಮ್ಮ ಎಂದರೆ ಮುದುಕಿ. ಬಾಲದ ‘ನ್’ ಹಚ್ಚಿ ‘ಗುಮ್ಮನ್’ ಎಂದರೆ ಹೆಂಡತಿಗೋ ಪುಟ್ಟ ಮಗಳಿಗೋ ಹೇಳುವ ಮುದ್ದಿನ ಮಾತು. ಗಂಡಸಾದರೆ ‘ಗುಬ್ಬೆನ್’, ಅಂದರೆ ಮುದುಕ. ಅದನ್ನು ಮೂರು ವರ್ಷದ ಮಗನಿಗೂ ಹೇಳುತ್ತಾರೆ, ಮೂವತ್ತರ ಗಂಡನಿಗೂ ಹೇಳುತ್ತಾರೆ.

ನನಗೆ ಇದು ಪರಕೀಯ ಅನ್ನಿಸಲಿಲ್ಲ. ನಾವು ಎರಡು ವರ್ಷದ ಹುಡುಗಿಗೆ “ಬಾರವ್ವಾ ನನ್ನವ್ವಾ” ಎನ್ನುವುದಿಲ್ಲವೇ? ಹಾಲುಗಲ್ಲದ ಹುಡುಗನಿಗೆ “ಏನಪ್ಪಾ ಯಜಮಾನಾ” ಎನ್ನುವುದಿಲ್ಲವೇ? ಪ್ರೀತಿ ಹೆಚ್ಚಾದಾಗ ಎಳೆಯರಿಗೆ ವಯಸ್ಸು ಹಚ್ಚುವ ಚಾಳಿ ಧಾರವಾಡದಲ್ಲೂ ಇದೆ, ಧ್ರುವದ ಹತ್ತಿರದಲ್ಲೂ ಇದೆ.

ಆ ರಾತ್ರಿ ಮಗಳು ಅವನಿಗೆ ಕನ್ನಡದ ಗುಮ್ಮನನ್ನು ಪರಿಚಯಿಸಿದಳು. ಅವನು ಕೇಳಿ ಕ್ಷಮೆ ಕೋರುವ ಬದಲು ಖುಷಿಯಾಗಿಬಿಟ್ಟ. “ನೀನು ಎರಡೂ ಹೌದು” ಎಂದನಂತೆ. ಅಲ್ಲಿಗೆ ಪದ ಹುಟ್ಟಿತು. ಸ್ವೀಡಿಶ್‌ನ ನಕಾರ ಬಿತ್ತು, ಉಳಿದದ್ದು ಗುಮ್ಮ. ಆಮೇಲೆ ನಮ್ಮ ಕಡೆಯ ಪ್ರತ್ಯಯಗಳು ಒಂದೊಂದಾಗಿ ಬಂದು ಕೂತವು. ಸಾಧಾರಣ ದಿನಗಳಲ್ಲಿ ಗುಮ್ಮಿ. ಗದರುವಾಗ ಗುಮ್ಮಕ್ಕ. ಹೆರಿಗೆಯ ನೋವಿನಲ್ಲಿ ಅವಳ ಕೈ ಹಿಡಿದು ಕೂತವನು ಗುಮ್ಮವ್ವ, ಗುಮ್ಮವ್ವ ಎಂದು ಜಪ ಮಾಡಿದನಂತೆ. ಅವಳೂ ಸಾಲ ತೀರಿಸಿದ್ದಳು. ಅವನ ಗುಬ್ಬೆನ್ ಅನ್ನು ಅವಳು ಗುಬ್ಬಿ ಮಾಡಿದಳು, ಆಮೇಲೆ ಗುಬ್ಬಚ್ಚಿ. ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಳ್ಳುವ ಆರಡಿ ಮೂರಂಗುಲದ ಗುಬ್ಬಚ್ಚಿ!

ಈ ಪದಗಳ ವಂಶಾವಳಿಯಲ್ಲಿ ಒಂದು ಸಂಗತಿ ಗಮನಿಸಿದೆ. ಪುಸ್ಸು ಬಂದದ್ದು ಎರವಲಾಗಿ. ಗುಮ್ಮ, ಗುಬ್ಬಿ ಹಾಗಲ್ಲ. ಒಂದು ಕಿವಿ ತಪ್ಪಾಗಿ ಕೇಳಿಸಿಕೊಂಡಿತು, ಇನ್ನೊಂದು ಬಾಯಿ ಅದನ್ನು ತಿದ್ದಲಿಲ್ಲ. ಅಂದೇ ಅವನು ನನ್ನಂತೆ ಕೆಂಪು ಪೆನ್ನು ತೆಗೆದು “ಅದು ಹಾಗಲ್ಲ, ಅದರ ಅರ್ಥ ಹೀಗೆ” ಎಂದು ಪಾಠ ಮುಗಿಸಿದ್ದರೆ ಮಗಳಿಗೆ ಒಂದು ಸ್ವೀಡಿಶ್ ಪದ ಬರುತ್ತಿತ್ತು, ಅಷ್ಟೇ. ತಿದ್ದದೆ ಬಿಟ್ಟದ್ದರಿಂದ ಇಬ್ಬರಿಗೆ ಮಾತ್ರ ಸೇರಿದ ಪದವಾಯಿತು.

ಎಲ್ಲ ತಪ್ಪುಕೇಳುವಿಕೆಗೂ ಆ ಯೋಗವಿಲ್ಲ. ಒಂದು ದಿನ ಮಗುವಿನ ತೂಕ ನೋಡಲು ಶಿಶು ಆರೋಗ್ಯ ಕೇಂದ್ರಕ್ಕೆ ಹೋದಾಗ ದಾದಿ ನಗುನಗುತ್ತ ಮಗಳನ್ನು “ಅಮ್ಮರ್ ದೂ?” ಎಂದು ಕೇಳಿದಳು. ನನ್ನ ಹೆಂಡತಿ ತನ್ನನ್ನೇ ಕೇಳಿದಳೆಂದು ಎದೆ ಮುಟ್ಟಿಕೊಂಡು, ಹೆಮ್ಮೆಯಿಂದ, “ಹ್ಞಾಂ, ನಾನೇ ಅಮ್ಮ” ಎಂದಳು. ಆ ಭಾಷೆಯಲ್ಲಿ ‘ಅಮ್ಮ’ ಎಂಬುದು ಕ್ರಿಯಾಪದ, ಮೊಲೆಯೂಡಿಸು ಎಂದರ್ಥ. ಅರವತ್ತೊಂದರ ನನ್ನ ಹೆಂಡತಿ ಸರ್ಕಾರಿ ದಾದಿಯ ಎದುರು ಏನನ್ನು ಒಪ್ಪಿಕೊಂಡಳೆಂಬುದನ್ನು ಮಗಳು ಬಸ್ಸಿನಲ್ಲಿ ಬಿಡಿಸಿ ಹೇಳಿದಳು. ಆ ಪದ ನಮ್ಮ ಮನೆಯಲ್ಲಿ ಮುಂದೆ ಬೆಳೆಯಲಿಲ್ಲ. ಹೆಂಡತಿ ಅದನ್ನು ಅಲ್ಲೇ ಹೂತಳು.

ಇನ್ನು ಆ ‘ಹೊರ್ರೀ’. ಇದರ ಬೇರು ಹುಡುಕಲು ನನಗೆ ಒಂದು ವಾರ ಹಿಡಿಯಿತು. ಗಂಡಹೆಂಡಿರು ಒಬ್ಬರನ್ನೊಬ್ಬರು ಏನೆಂದು ಕರೆಯಬೇಕು ಎಂಬ ದೊಡ್ಡ ಪ್ರಶ್ನೆ ಅದರ ಹಿಂದೆ ಇತ್ತು.

ಸ್ವೀಡಿಶ್‌ನಲ್ಲಿ ‘ದೂ’ ಎಂದರೆ ನೀನು. ‘ನೀ’ ಎಂದರೆ ನೀವು. ಹೌದು, ನಮ್ಮ ಅತ್ಯಂತ ಹತ್ತಿರದ ನೀ ಅವರಲ್ಲಿ ಬಹುವಚನ, ದೂರದ ಮಾತು. ಹಿಂದೆ ಅವರಲ್ಲೂ ಸಂಬೋಧನೆಯ ಕಷ್ಟ ನಮ್ಮಷ್ಟೇ ಇತ್ತು. ದೊಡ್ಡವರಿಗೆ ದೂ ಎನ್ನುವಂತಿಲ್ಲ, ನೀ ಎಂದರೂ ಕೆಲವರಿಗೆ ಅವಮಾನ. ಹೀಗಾಗಿ ಎದುರಿಗಿರುವ ವೈದ್ಯರನ್ನೇ “ಡಾಕ್ಟರು ಕಾಫಿ ತೆಗೆದುಕೊಳ್ಳುತ್ತಾರೆಯೇ?” ಎಂದು ಕೇಳಬೇಕಿತ್ತು. ನಮ್ಮ ಕಚೇರಿಗಳಲ್ಲಿ “ಸಾಹೇಬ್ರು ಚಹಾ ತಗೋತಾರೇನ್ರಿ?” ಎನ್ನುವ ಹಾಗೆ. 1960ರ ದಶಕದ ಕೊನೆಗೆ ಈ ಗೋಜು ಕಳಚಿ ಬಿತ್ತು. 1967ರಲ್ಲಿ ಬ್ರೂರ್ ರೆಕ್ಸೆಡ್ ಎಂಬ ವೈದ್ಯ ರಾಷ್ಟ್ರೀಯ ವೈದ್ಯಕೀಯ ಮಂಡಳಿಯ ಮುಖ್ಯಸ್ಥನಾಗಿ ಬಂದವನು ಸಿಬ್ಬಂದಿಯನ್ನೆಲ್ಲ ದೂ ಎಂದೇ ಕರೆಯುವೆನೆಂದು ಸಾರಿದ. ಅವನೊಬ್ಬನಿಂದಲೇ ಆದದ್ದಲ್ಲ, ಗಾಳಿ ಅದಾಗಲೇ ಬೀಸುತ್ತಿತ್ತು. ಆದರೆ ಜನ ನೆನಪಿಟ್ಟುಕೊಂಡದ್ದು ಅವನನ್ನು. ಅಂದಿನಿಂದ ಅಲ್ಲಿ ಮಂತ್ರಿಯೂ ದೂ, ಮಾಸ್ತರನೂ ದೂ.

ಇಂಥ ನಾಡಿನ ಹುಡುಗನಿಗೆ ಮಗಳು ಕನ್ನಡ ಕಲಿಸುವಾಗ, “ನನಗೆ ನೀ ಅನ್ನು, ಅದೇ ಹತ್ತಿರದ್ದು” ಎಂದಳಂತೆ. ಅವನ ನಾಲಿಗೆ ಏಳಲಿಲ್ಲ. ಹೆಂಡತಿಗೆ ನೀ ಎಂದರೆ ಅವನ ಕಿವಿಗೆ ಅಂಗಡಿಯವನು ಗಿರಾಕಿಯನ್ನು ಮಾತಾಡಿಸಿದಂತೆ ಕೇಳುತ್ತಿತ್ತು. ಮಗಳಿಗೋ ದೂ ಎಂಬುದು ಬರೀ ಪಾಠದ ಪದ, ಅದರಲ್ಲಿ ಬಿಸಿಯಿಲ್ಲ. ಇಬ್ಬರೂ ಒಬ್ಬರ ಹತ್ತಿರಕ್ಕೆ ಹೋದರೆ ಇನ್ನೊಬ್ಬರಿಗೆ ದೂರ. ಆಗ ಅವರಿಗೆ ಸಿಕ್ಕಿದ್ದು ನನ್ನ ಹೆಂಡತಿಯ ‘ರೀ’. ವಿಡಿಯೋ ಕರೆಯಲ್ಲಿ ಅವಳು ನನ್ನನ್ನು “ರೀ, ಇಲ್ಬನ್ನಿ, ರೀ” ಎಂದು ಕರೆಯುವುದನ್ನು ಕೇಳಿ ಕೇಳಿ ಅಳಿಯ ನನ್ನ ಹೆಸರೇ ರೀ ಎಂದು ತಿಳಿದಿದ್ದನಂತೆ. ಅರ್ಥ ಗೊತ್ತಾದ ಮೇಲೆ ಅವನು ಅದನ್ನು ತನ್ನ ಹೆಂಡತಿಗೆ ಹಚ್ಚಿದ, ಅವಳು ಅವನಿಗೆ ಹಚ್ಚಿದಳು. ಸ್ವೀಡನ್ನಿನವರು ಗಮನ ಸೆಳೆಯಲು ‘ಹೊರ್ರು’ ಎನ್ನುತ್ತಾರೆ. ‘ಕೇಳು ನೀನು’ ಎಂಬುದು ಸವೆದು ಆದ ರೂಪ, ನಮ್ಮ ‘ಕೇಳಿಲ್ಲಿ’ ಇದ್ದಂತೆ. ಹೊರ್ರು, ರೀ, ಸೇರಿ ಹೊರ್ರೀ. ಇದು ಯಾವ ಸಂಧಿ? ಉಕಾರ ಬಿದ್ದಿದೆ, ಹಾಗಾಗಿ ಲೋಪಸಂಧಿ ಎನ್ನೋಣವೆಂದರೆ ಮುಂದೆ ಸ್ವರವೇ ಇಲ್ಲ. ಕೇಶಿರಾಜ ಒಪ್ಪುವುದಿಲ್ಲ. ಆದರೆ 35 ವರ್ಷಗಳಿಂದ ಗಂಡನಿಗೆ ಮಾತ್ರ ಸಲ್ಲುತ್ತಿದ್ದ ರೀ ಆ ಮನೆಯಲ್ಲಿ ಎರಡೂ ಕಡೆಗೆ ಓಡಾಡುವುದನ್ನು ನೋಡಿ ನನ್ನ ಹೆಂಡತಿ ಒಂದು ಕ್ಷಣ ಸುಮ್ಮನಾದಳು. ನಾನು ಆ ವಿಷಯ ಎತ್ತಲಿಲ್ಲ.

ಹಾಗೆಂದು ಆ ಮನೆಯಲ್ಲಿ ದಿನವೆಲ್ಲ ಗುಬ್ಬಿ ಗುಮ್ಮಗಳದೇ ಕಲರವ ಎಂದುಕೊಳ್ಳಬೇಡಿ. ಅಪಾರ್ಟ್‌ಮೆಂಟಿನವರಿಗೆಲ್ಲ ನೆಲಮಾಳಿಗೆಯಲ್ಲಿ ಒಂದೇ ಬಟ್ಟೆ ಒಗೆಯುವ ಕೋಣೆ. ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕು, ತಪ್ಪಿದರೆ ಮತ್ತೆ ಸಿಗುವುದು ನಾಲ್ಕು ದಿನಕ್ಕೆ. ಅಳಿಯ ಗೊತ್ತುಮಾಡಿ ಮರೆತ. ಮಗುವಿನ ಬಟ್ಟೆ ಗುಡ್ಡೆ ಬಿದ್ದಿತ್ತು. ಜಗಳ ಶುರುವಾದದ್ದು ಇಂಗ್ಲಿಷಿನಲ್ಲಿ. ಅದು ಇಬ್ಬರಿಗೂ ತಾಯ್ನುಡಿಯಲ್ಲವಾದ್ದರಿಂದ ಅಂಪೈರಿದ್ದಂತೆ, ಯಾರಿಗೂ ಹೆಚ್ಚಿನ ಲಾಭವಿಲ್ಲ. ಮಗಳ ಸಿಟ್ಟು ಏರಿದಂತೆ ಧಾರವಾಡ ಹೊರಗೆ ಬಂತು. ಅವನ ಸಿಟ್ಟು ಏರಿದಂತೆ ಮಾತು ಪೂರಾ ನಿಂತಿತು. ಕೊನೆಗೆ ರಾಜಿಗೆಂದು ಅವನು ಮೆಲ್ಲಗೆ “ಗುಮ್ಮಿ…” ಎಂದ. ಮಗಳು, “ಈಗ ಆ ಹೆಸರು ತಗೀಬ್ಯಾಡ” ಎಂದು ಬಾಗಿಲು ಹಾಕಿಕೊಂಡಳು.

ಆಗ ನನಗೆ ಕವಿರಾಜಮಾರ್ಗದ ಮಜ್ಜಿಗೆ ಹನಿ ನೆನಪಾಯಿತು. ಇಷ್ಟು ವರ್ಷ ಆ ಹೋಲಿಕೆಯನ್ನು ಮಕ್ಕಳಿಗೆ ಬರೆಸಿದ್ದೇನೆ, ಆದರೆ ‘ಕುದಿಯುವ’ ಎಂಬ ವಿಶೇಷಣದ ಮೇಲೆ ನಿಂತು ಯೋಚಿಸಿರಲಿಲ್ಲ. ಕುದಿಯುವ ಹಾಲಿಗೆ ಮಜ್ಜಿಗೆ ಬಿದ್ದರೆ ಒಡೆಯುತ್ತದೆ, ನಿಜ. ಅದೇ ಹನಿ ಉಗುರುಬೆಚ್ಚಗಿನ ಹಾಲಿಗೆ ಬಿದ್ದರೆ? ಮರುದಿನ ಮೊಸರು. ಗುಮ್ಮಿ ಎಂಬ ಹನಿ ನೆಗಡಿಯ ರಾತ್ರಿ ಹೆಪ್ಪಾಗಿತ್ತು. ಬಟ್ಟೆಯ ಜಗಳದ ಮಧ್ಯಾಹ್ನ ಹಾಲೊಡೆಯಿತು. ಕವಿಗಳು ತಪ್ಪು ಹೇಳಿರಲಿಲ್ಲ, ನಾನು ಪಾಠವನ್ನು ಅರ್ಧ ಮಾಡಿದ್ದೆ.

ಸಂಜೆ ಆರಕ್ಕೆ ಬಾಗಿಲು ತೆರೆಯಿತು. “ಹೊರ್ರೀ, ಚಹಾ ಬೇಕೇನು?” ಎಂದು ಮಗಳ ದನಿ. ಉತ್ತರವಾಗಿ ಅಳಿಯ ತುಟಿ ಮುಂದೆ ಮಾಡಿ ಉಸಿರನ್ನು ಒಳಕ್ಕೆ ಎಳೆದುಕೊಂಡ, ‘ಶುಪ್’ ಎಂದು. ಸ್ವೀಡನ್ನಿನ ಉತ್ತರದವರು ಹೌದು ಎನ್ನುವುದು ಹೀಗೆಯೇ. ಮೊದಲ ಸಲ ಕೇಳಿದಾಗ ನನ್ನ ಹೆಂಡತಿ ಅವನಿಗೆ ಉಬ್ಬಸವಿದೆಯೆಂದು ಹೆದರಿ ತುಳಸಿ ಕಷಾಯ ಕಾಸಿದ್ದಳು. ನಮ್ಮ ‘ಹ್ಞೂಂ’ಗೂ ಬಾಯಿ ತೆರೆಯಬೇಕಿಲ್ಲ, ಅವರ ‘ಶುಪ್’ಗೂ ದನಿ ಬೇಕಿಲ್ಲ. ಜಗಳ ಮುಗಿದದ್ದು ತಿಳಿಯುವುದು ಆ ಉಸಿರಿನಿಂದ ಎಂದು ಮಗಳು ಹೇಳಿದಳು.

ಹೆಪ್ಪಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಹೆಂಡತಿಗೆ ಮೊಸರಿಲ್ಲದೆ ಊಟ ಮುಗಿಯದು. ಹೆಪ್ಪಿಗೆಂದು ಮಗಳು ಅಂಗಡಿಯಿಂದ ತಂದದ್ದು ಲೋಂಗ್‌ಫಿಲ್ ಎಂಬ ಉತ್ತರದ ಮೊಸರು. ಅದರ ಗುಣವೇ ನೂಲಿನಂತೆ ಎಳೆ ಬರುವುದು. ಮರುದಿನ ಸೌಟು ಎತ್ತಿದರೆ ಪಾತ್ರೆಯಿಂದ ಮೊಳದುದ್ದದ ಎಳೆ. “ಮೊಸರು ಕೆಟ್ಟಿದೆ” ಎಂದು ಚೆಲ್ಲಲು ಹೊರಟಳು. ಅಳಿಯ ತಡೆದು, ಅದಕ್ಕೆ ಅನ್ನ, ಒಗ್ಗರಣೆ ಹಾಕಿಸಿಕೊಂಡು, ಚಮಚಕ್ಕೆ ಸುತ್ತಿ ಸುತ್ತಿ ಉಂಡ. ಮೊಸರನ್ನವೂ ಅಲ್ಲ, ಅವರ ತಿಂಡಿಯೂ ಅಲ್ಲ. ಆ ಮನೆಯ ಊಟ.

ಹೊರಡುವ ಮುಂಚೆ ಕೇಶಿರಾಜನ ಸೂತ್ರವನ್ನು ಇನ್ನೊಮ್ಮೆ ಮನಸ್ಸಿನಲ್ಲಿ ತಿರುವಿ ಹಾಕಿದೆ. ಅವನು ಅರಿಸಮಾಸಕ್ಕೆ ವಿನಾಯಿತಿಗಳನ್ನೂ ಕೊಟ್ಟಿದ್ದಾನೆ: ಹಿಂದಿನ ಕವಿಗಳು ಬಳಸಿದ್ದರೆ ಸರಿ, ಬಿರುದುಗಳಲ್ಲಿದ್ದರೆ ಸರಿ. ಗುಮ್ಮವ್ವ ಬಿರುದಲ್ಲದೆ ಮತ್ತೇನು? ಗುಬ್ಬಚ್ಚಿಯೂ ಬಿರುದೇ. ಕೆಂಪು ಪೆನ್ನನ್ನು ಜೇಬಿಗೆ ಹಾಕಿದೆ.

ಇಷ್ಟೆಲ್ಲ ಬರೆದವನ ಮನೆಯಲ್ಲಿ ಒಂದೇ ಭಾಷೆ ಇತ್ತೇ ಎಂದು ನೀವು ಕೇಳಬಹುದು. ನನ್ನ ಹೆಂಡತಿ ನಂಜನಗೂಡಿನವಳು. ಮದುವೆಯಾಗಿ ಧಾರವಾಡಕ್ಕೆ ಬಂದ ಹೊಸತರಲ್ಲಿ ನನ್ನ ಅಣ್ಣನ ಮಗುವನ್ನು ಎತ್ತಿಕೊಂಡು “ಪುಟಾಣಿ, ನನ್ನ ಪುಟಾಣಿ” ಎಂದು ಮುದ್ದಾಡಿದಳು. ನನ್ನ ತಾಯಿ ಒಳಗೆ ಹೋಗಿ ಒಂದು ಬಟ್ಟಲು ಹುರಿಗಡಲೆ ತಂದು ಕೈಗೆ ಕೊಟ್ಟಳು. ನಮ್ಮ ಕಡೆ ಪುಟಾಣಿ ಎಂದರೆ ಅದೇ. ಮನೆಯವರೆಲ್ಲ ನಕ್ಕರು, ಅವಳ ಕಣ್ಣಲ್ಲಿ ನೀರು ಬಂತು. ಆ ರಾತ್ರಿ ನಾನು ಅವಳನ್ನು ಏನೆಂದು ಕರೆದೆನೆಂಬುದು ಈ ಪ್ರಬಂಧದ ಮಟ್ಟಿಗೆ ಅಪ್ರಸ್ತುತ. 35 ವರ್ಷಗಳಿಂದ ಅದು ಹೊರಗೆ ಬಂದಿಲ್ಲ.

ಊಮೆಯೊದಲ್ಲಿ ಒಂದು ಬೆಳಿಗ್ಗೆ, ಯಾರೂ ಎದ್ದಿಲ್ಲವೆಂದುಕೊಂಡು, ಅಡಿಗೆಮನೆಯಲ್ಲಿ ನಾನು ಆ ಹೆಸರು ಹಿಡಿದು ಅವಳನ್ನು ಕರೆದೆ. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಳಿಯ ಬಾಗಿಲಲ್ಲಿ ನಿಂತಿದ್ದ. ಏನೆಂದು ಕೇಳಿದ. “ಚಟ್ನಿನ್‌ಗೆ ಹಾಕೋದು” ಎಂದಳು ನನ್ನ ಹೆಂಡತಿ, ತಟ್ಟನೆ, ಅವನದೇ ವ್ಯಾಕರಣದಲ್ಲಿ. ನಾವು ಊರಿನಿಂದ ಒಯ್ದಿದ್ದ ಎರಡು ಕಿಲೋ ಹುರಿಗಡಲೆ ಈಗಲೂ ಅವರ ಅಡಿಗೆಮನೆಯ ಮೇಲಿನ ಕಪಾಟಿನಲ್ಲಿದೆ. ಡಬ್ಬಿಯ ಮೇಲೆ ‘ಪುಟಾಣಿ’ ಎಂದು ಅಳಿಯ ಸ್ವಂತ ಕೈಯಿಂದ ಕನ್ನಡದಲ್ಲಿ ಬರೆದು ಅಂಟಿಸಿದ್ದಾನೆ. ಕಾಗುಣಿತ ಸರಿಯಿದೆ.